ಹಣದ ಬೆಳವಣಿಗೆಯಿಂದ ಹಣದುಬ್ಬರವನ್ನು ಲೆಕ್ಕ ಹಾಕುವುದು ಹೇಗೆ? ಪರಿಮಾಣ ಸಮೀಕರಣ ಮತ್ತು ಚಲಾವಣಾ ವೇಗ

ಪದವಿ ತರಗತಿಯ ಅರ್ಥಶಾಸ್ತ್ರದ ಪ್ರಶ್ನೆಪತ್ರಿಕೆಗಳಲ್ಲಿ ಒಂದು ಲೆಕ್ಕ ಮತ್ತೆ ಮತ್ತೆ ಬರುತ್ತದೆ. ಒಂದು ದೇಶದಲ್ಲಿ ಹಣದ ಪೂರೈಕೆ ವರ್ಷಕ್ಕೆ ಶೇ. 12ರಷ್ಟು ಹೆಚ್ಚುತ್ತಿದೆ, ನೈಜ ಉತ್ಪಾದನೆ ಶೇ. 7ರಷ್ಟು ಬೆಳೆಯುತ್ತಿದೆ, ಚಲಾವಣಾ ವೇಗ ಬದಲಾಗಿಲ್ಲ; ಹಾಗಾದರೆ ಹಣದುಬ್ಬರ ಎಷ್ಟು? ಹನ್ನೆರಡರಲ್ಲಿ ಏಳು ಕಳೆದು ಶೇ. 5 ಎಂದು ಬರೆದರೆ ಪೂರ್ಣ ಅಂಕ ಸಿಗುತ್ತದೆ. ಅದೇ ವಿದ್ಯಾರ್ಥಿ ಅದೇ ಕಳೆಯುವ ಲೆಕ್ಕವನ್ನು 2020-21ರ ಭಾರತಕ್ಕೆ ಹಾಕಿ ನೋಡಿದರೆ ಫಜೀತಿಯಾಗುತ್ತದೆ. ಆ ವರ್ಷ ಎಂ3 ಎಂದು ಕರೆಯುವ ವಿಶಾಲ ಹಣದ ಮೊತ್ತ ಶೇ. 12.2ರಷ್ಟು ಹೆಚ್ಚಿತು, ನೈಜ ಜಿಡಿಪಿ ಶೇ. 5.8ರಷ್ಟು ಕುಸಿಯಿತು. ಹನ್ನೆರಡು ಚಿಲ್ಲರೆಯಿಂದ ಋಣ ಸಂಖ್ಯೆಯೊಂದನ್ನು ಕಳೆದಾಗ ಅದು ಕೂಡಿಕೊಳ್ಳುವುದರಿಂದ ಉತ್ತರ ಶೇ. 18 ಎಂದು ಬರುತ್ತದೆ. ಜಿಡಿಪಿಯ ಲೆಕ್ಕದಲ್ಲಿ ನಿಜವಾಗಿ ಕಂಡ ಬೆಲೆ ಏರಿಕೆ ಶೇ. 5ಕ್ಕಿಂತ ಕಡಿಮೆ.

ಸಮೀಕರಣದಲ್ಲಿ ದೋಷವಿಲ್ಲ. ದೋಷವಿರುವುದು "ಚಲಾವಣಾ ವೇಗ ಬದಲಾಗಿಲ್ಲ" ಎಂಬ, ಪ್ರಶ್ನೆಪತ್ರಿಕೆಯಲ್ಲಿ ಯಾರೂ ಎರಡನೆಯ ಸಲ ಓದದ ಆ ಸಣ್ಣ ವಾಕ್ಯದಲ್ಲಿ. ಈ ಲೇಖನದಲ್ಲಿ ಲೆಕ್ಕವನ್ನು ಮೊದಲಿನಿಂದ ಕಟ್ಟಿ, ಭಾರತದ ಅಂಕಿಗಳನ್ನೇ ಹಾಕಿ, ಆ ವಾಕ್ಯವನ್ನು ಯಾವಾಗ ನಂಬಬಹುದು, ಯಾವಾಗ ನಂಬಬಾರದು ಎಂಬುದನ್ನು ನೋಡೋಣ.

ಮೊದಲ ಹೆಜ್ಜೆ: ನಾಲ್ಕು ಅಕ್ಷರಗಳ ಅರ್ಥವನ್ನು ಗಟ್ಟಿ ಮಾಡಿಕೊಳ್ಳುವುದು

ಪರಿಮಾಣ ಸಮೀಕರಣದ ರೂಪ ಇಷ್ಟೇ:

M × V = P × Y

M ಎಂದರೆ ಜನರ ಕೈಯಲ್ಲಿ ಮತ್ತು ಬ್ಯಾಂಕಿನ ಖಾತೆಗಳಲ್ಲಿ ಇರುವ ಹಣದ ಮೊತ್ತ. Y ಎಂದರೆ ಸ್ಥಿರ ಬೆಲೆಯಲ್ಲಿ ಅಳೆದ ಉತ್ಪಾದನೆ, ಅಂದರೆ ನೈಜ ಜಿಡಿಪಿ. P ಎಂದರೆ ಬೆಲೆಯ ಮಟ್ಟ. ಹಾಗಾಗಿ ಬಲಬದಿಯ P × Y ಎಂಬುದು ಚಾಲ್ತಿ ಬೆಲೆಯ ಜಿಡಿಪಿಯೇ ಹೊರತು ಬೇರೇನೂ ಅಲ್ಲ. V ಎಂದರೆ ಚಲಾವಣಾ ವೇಗ: ಒಂದು ವರ್ಷದ ಜಿಡಿಪಿಯನ್ನು ಕೊಳ್ಳಲು ಒಂದೊಂದು ರೂಪಾಯಿಯೂ ಸರಾಸರಿ ಎಷ್ಟು ಬಾರಿ ಬಳಕೆಯಾಯಿತು ಎಂಬ ಸಂಖ್ಯೆ.

ಈ ನಾಲ್ಕರಲ್ಲಿ ತಪ್ಪು ತಿಳಿವಳಿಕೆಗೆ ಹೆಚ್ಚು ಒಳಗಾಗುವುದು V. ಅದನ್ನು ಒಂದು ನೋಟಿನ ಬೆನ್ನು ಹತ್ತಿ ನೋಡುವುದು ಒಳ್ಳೆಯದು. ಸೋಮವಾರ ಒಬ್ಬಾಕೆ ರವಿಕೆ ಹೊಲಿಸಿಕೊಂಡು ಟೈಲರ್‌ಗೆ ಐನೂರರ ಒಂದು ನೋಟನ್ನು ಕೊಡುತ್ತಾಳೆ. ಬುಧವಾರ ಟೈಲರ್ ಅದೇ ನೋಟನ್ನು ಕೊಟ್ಟು ಪಕ್ಕದ ಮನೆಯವರ ಹಳೆಯ ಸೈಕಲ್ಲನ್ನು ತೆಗೆದುಕೊಳ್ಳುತ್ತಾನೆ. ಪಕ್ಕದ ಮನೆಯವರು ಶುಕ್ರವಾರದ ಸಂತೆಯಲ್ಲಿ ಅದನ್ನು ಮುರಿಸದೆ ಒಂದೇ ಅಂಗಡಿಯಲ್ಲಿ ವಾರದ ತರಕಾರಿಗೆ ಕೊಡುತ್ತಾರೆ. ನೋಟು ಮೂರು ಬಾರಿ ಕೈ ಬದಲಾಯಿಸಿತು, ಆದರೆ ಜಿಡಿಪಿಗೆ ಸೇರುವುದು ಹೊಲಿಗೆ ಮತ್ತು ತರಕಾರಿ ಎರಡು ಮಾತ್ರ. ಹಳೆಯ ಸೈಕಲ್ ಯಾವುದೋ ಹಿಂದಿನ ವರ್ಷದ ಉತ್ಪಾದನೆ. ಈ ವರ್ಷ ಅದರ ಒಡೆತನ ಮಾತ್ರ ಬದಲಾಯಿತು. ಹಳೆಯ ಮನೆ, ನಿವೇಶನ, ಷೇರು, ಚಿನ್ನದ ಹಳೆಯ ಒಡವೆಗಳ ಮಾರಾಟವೂ ಹೀಗೆಯೇ. ಇರ್ವಿಂಗ್ ಫಿಷರ್ 1911ರಲ್ಲಿ ಈ ಸಮೀಕರಣವನ್ನು ಬರೆದಾಗ Y ಇದ್ದ ಜಾಗದಲ್ಲಿ ಎಲ್ಲ ವ್ಯವಹಾರಗಳನ್ನೂ ಒಳಗೊಂಡ T ಇತ್ತು. ಎಲ್ಲ ವ್ಯವಹಾರಗಳ ಒಟ್ಟು ಲೆಕ್ಕ ಯಾವ ದೇಶದಲ್ಲೂ ಸಿಗುವುದಿಲ್ಲ, ಜಿಡಿಪಿಯ ಲೆಕ್ಕ ಸಿಗುತ್ತದೆ. ಆದ್ದರಿಂದ ಇಂದು ನಾವು ಬಳಸುವುದು ಆದಾಯದ ಚಲಾವಣಾ ವೇಗವನ್ನು. ಭೂಮಿಯ ವ್ಯಾಪಾರ ಬಿರುಸಾಗಿ, ಹಣವೆಲ್ಲ ಅತ್ತ ಹರಿದ ವರ್ಷದಲ್ಲಿ ನೋಟುಗಳು ಎಷ್ಟೇ ಓಡಾಡಿದರೂ ಈ V ಕಡಿಮೆಯೇ ಕಾಣುವುದಕ್ಕೆ ಕಾರಣ ಇದು.

ಎರಡನೆಯ ಹೆಜ್ಜೆ: ಮೊತ್ತದಿಂದ ಬೆಳವಣಿಗೆಯ ದರಕ್ಕೆ ಬರುವುದು

ನಮಗೆ ಬೇಕಿರುವುದು P ಅಲ್ಲ, P ಎಷ್ಟು ವೇಗವಾಗಿ ಏರುತ್ತಿದೆ ಎಂಬುದು. ಈ ವರ್ಷದ ಸಮೀಕರಣವನ್ನು ಹಿಂದಿನ ವರ್ಷದ ಸಮೀಕರಣದಿಂದ ಭಾಗಿಸಿದರೆ ಪ್ರತಿ ಅಕ್ಷರದ ಜಾಗದಲ್ಲೂ "ಒಂದು ಕೂಡಿಸು ಬೆಳವಣಿಗೆಯ ದರ" ಬಂದು ಕೂರುತ್ತದೆ. ಹಣದ ಬೆಳವಣಿಗೆ m, ವೇಗದ ಬದಲಾವಣೆ v, ಉತ್ಪಾದನೆಯ ಬೆಳವಣಿಗೆ y, ಹಣದುಬ್ಬರ π ಎಂದಿಟ್ಟುಕೊಂಡರೆ ನಿಖರವಾದ ಸೂತ್ರ ಹೀಗಿರುತ್ತದೆ:

1 + π = (1 + m) × (1 + v) ÷ (1 + y)

ಗುಣಾಕಾರ ಭಾಗಾಕಾರಗಳ ಗೊಡವೆ ಬೇಡವೆನ್ನುವವರಿಗೆ ಅಂದಾಜಿನ ಸೂತ್ರ:

π ≈ m + v − y

ದರಗಳು ಒಂದಂಕಿಯಲ್ಲಿ ಇರುವವರೆಗೆ ಇವೆರಡರ ನಡುವೆ ಹೇಳಿಕೊಳ್ಳುವಂಥ ಅಂತರ ಬರುವುದಿಲ್ಲ. ದರಗಳು ದೊಡ್ಡದಾದಂತೆ ಅಂತರವೂ ದೊಡ್ಡದಾಗುತ್ತದೆ. ಹಣ ಶೇ. 40, ವೇಗ ಶೇ. 5, ಉತ್ಪಾದನೆ ಶೇ. 10 ಹೆಚ್ಚಿದೆ ಎಂದುಕೊಳ್ಳಿ. ಕೂಡಿ ಕಳೆದರೆ ಶೇ. 35 ಬರುತ್ತದೆ, ನಿಖರ ಸೂತ್ರದಲ್ಲಿ 1.40 × 1.05 ÷ 1.10 ಮಾಡಿದರೆ 1.336, ಅಂದರೆ ಶೇ. 33.6. ಕ್ಯಾಲ್ಕುಲೇಟರ್ ಎಲ್ಲರ ಫೋನಿನಲ್ಲೂ ಇರುವ ಈ ಕಾಲದಲ್ಲಿ ಅಂದಾಜಿನ ಸೂತ್ರವನ್ನು ಉತ್ತರ ಬರೆಯಲು ಬಳಸುವುದಕ್ಕಿಂತ, ಬಂದ ಉತ್ತರ ಸರಿಯೇ ಎಂದು ಒರೆಗೆ ಹಚ್ಚಲು ಬಳಸುವುದು ಮೇಲೆಂದು ನನ್ನ ಅಭಿಪ್ರಾಯ.

ಚಿಹ್ನೆಯ ವಿಷಯದಲ್ಲಿ ಒಂದು ಎಚ್ಚರಿಕೆ ಸಾಕು. ಉತ್ಪಾದನೆ ಶೇ. 5.8 ಕುಸಿದಿದ್ದರೆ y ಎಂಬುದು −0.058 ಆಗುತ್ತದೆ ಮತ್ತು ಭಾಗಿಸಬೇಕಾದ ಸಂಖ್ಯೆ 0.942 ಆಗುತ್ತದೆ. ಒಂದಕ್ಕಿಂತ ಚಿಕ್ಕ ಸಂಖ್ಯೆಯಿಂದ ಭಾಗಿಸಿದಾಗ ಉತ್ತರ ದೊಡ್ಡದಾಗಬೇಕು. ಚಿಕ್ಕದಾಗಿದ್ದರೆ ಎಲ್ಲೋ 1.058 ಎಂದು ಬರೆದಿದ್ದೀರಿ ಎಂದೇ ಅರ್ಥ. ಸರಕು ಕಡಿಮೆಯಾಗಿ ಹಣ ಹಾಗೆಯೇ ಉಳಿದರೆ ಬೆಲೆ ಏರಬೇಕೆಂಬ ಸಾಮಾನ್ಯ ತಿಳಿವಳಿಕೆಯೇ ಇಲ್ಲಿ ಕಾವಲು.

ಮೂರನೆಯ ಹೆಜ್ಜೆ: ಚಲಾವಣಾ ವೇಗವನ್ನು ನಾವೇ ಕಂಡುಹಿಡಿಯುವುದು

ಚಲಾವಣಾ ವೇಗವನ್ನು ಯಾರೂ ನೇರವಾಗಿ ಅಳೆಯುವುದಿಲ್ಲ. ಚಾಲ್ತಿ ಬೆಲೆಯ ಜಿಡಿಪಿಯನ್ನು ಹಣದ ಮೊತ್ತದಿಂದ ಭಾಗಿಸಿದಾಗ ಉಳಿಯುವ ಸಂಖ್ಯೆಯೇ V. ಭಾಗಾಕಾರ ಸುಲಭವೇ ಆದರೂ ಇಲ್ಲಿ ಒಂದು ಸೂಕ್ಷ್ಮವಿದೆ. ಜಿಡಿಪಿ ಎಂಬುದು ಏಪ್ರಿಲ್ ಒಂದರಿಂದ ಮಾರ್ಚ್ ಮೂವತ್ತೊಂದರವರೆಗೆ ಹರಿದುಬಂದ ನೀರಿದ್ದಂತೆ. ಎಂ3 ಎಂಬುದು ಒಂದು ನಿರ್ದಿಷ್ಟ ದಿನ ಕೆರೆಯಲ್ಲಿ ನಿಂತ ನೀರಿದ್ದಂತೆ. ವರ್ಷವಿಡೀ ಹರಿದದ್ದನ್ನು ವರ್ಷದ ಕೊನೆಯ ದಿನ ನಿಂತದ್ದರಿಂದ ಭಾಗಿಸಿದರೆ, ಹಣ ಹೆಚ್ಚುತ್ತಲೇ ಇರುವ ದೇಶದಲ್ಲಿ ವೇಗ ಯಾವಾಗಲೂ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಆದ್ದರಿಂದ ವರ್ಷದ ಆರಂಭದ ಮತ್ತು ಕೊನೆಯ ಎಂ3ರ ಸರಾಸರಿಯನ್ನಾದರೂ ತೆಗೆದುಕೊಳ್ಳಬೇಕು. ತಿಂಗಳ ಅಂಕಿಗಳು ಕೈಯಲ್ಲಿದ್ದರೆ ಹನ್ನೆರಡರ ಸರಾಸರಿ ಇನ್ನೂ ಒಳ್ಳೆಯದು.

ನಾನು ಮೊದಮೊದಲು ಈ ಲೆಕ್ಕ ಮಾಡಿದಾಗ V ಬರೀ 0.3 ಎಂದು ಬಂದಿತ್ತು. ಒಂದು ರೂಪಾಯಿ ವರ್ಷದಲ್ಲಿ ಒಂದು ಬಾರಿಯ ಮೂರನೆಯ ಒಂದು ಭಾಗವೂ ಖರ್ಚಾಗಲಿಲ್ಲವೇ ಎಂದು ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ, ನಾನು ಹಾಕಿದ್ದು ಒಂದು ತ್ರೈಮಾಸಿಕದ ಜಿಡಿಪಿ ಎಂಬುದು ತಿಳಿಯಿತು. ತ್ರೈಮಾಸಿಕದ ಅಂಕಿಯನ್ನು ಬಳಸುವುದಾದರೆ ನಾಲ್ಕು ತ್ರೈಮಾಸಿಕಗಳನ್ನು ಕೂಡಿಯೇ ಭಾಗಿಸಬೇಕು. ಇತ್ತೀಚಿನ ಭಾರತದ ಎಂ3ಕ್ಕೆ ವಾರ್ಷಿಕ V ಒಂದಕ್ಕಿಂತ ಸ್ವಲ್ಪ ಹೆಚ್ಚಿರುತ್ತದೆ ಎಂಬುದು ನೆನಪಿದ್ದರೆ ಇಂಥ ತಪ್ಪು ಬೇಗ ಸಿಕ್ಕಿಬೀಳುತ್ತದೆ.

ಈಗ ಮೂರು ವರ್ಷಗಳ ಅಂಕಿಗಳನ್ನು ಇಟ್ಟುಕೊಳ್ಳೋಣ. ಜಿಡಿಪಿ ಇಲ್ಲಿ 2011-12 ಆಧಾರ ವರ್ಷದ ಸರಣಿಯದು. ಎಲ್ಲವೂ ಲಕ್ಷ ಕೋಟಿ ರೂಪಾಯಿಗಳಲ್ಲಿ, ದುಂಡಾಗಿಸಿದ ಸಂಖ್ಯೆಗಳು.

| ವರ್ಷ | ಮಾರ್ಚ್ ಕೊನೆಯ ಎಂ3 | ವರ್ಷದ ಸರಾಸರಿ ಎಂ3 | ಚಾಲ್ತಿ ಬೆಲೆಯ ಜಿಡಿಪಿ | V |
|---|---|---|---|---|
| 2019-20 | 168.0 | 161.2 | 201.0 | 1.247 |
| 2020-21 | 188.4 | 178.2 | 198.5 | 1.114 |
| 2021-22 | 204.9 | 196.7 | 236.0 | 1.200 |

2019-20ರ ಸರಾಸರಿಗೆ ಬೇಕಾದ ಮಾರ್ಚ್ 2019ರ ಎಂ3 ಸುಮಾರು 154.3 ಲಕ್ಷ ಕೋಟಿ. ಸರಾಸರಿಯ ಪ್ರಕಾರ 2020-21ರಲ್ಲಿ ಹಣ ಬೆಳೆದದ್ದು ಶೇ. 10.6ರಷ್ಟು; ಪತ್ರಿಕೆಗಳಲ್ಲಿ ಕಾಣುವ ಶೇ. 12.2 ಎಂಬುದು ಮಾರ್ಚ್‌ನಿಂದ ಮಾರ್ಚ್‌ಗೆ ಆದ ಏರಿಕೆ. ಎರಡೂ ಸರಿ, ಆದರೆ ಒಂದೇ ಲೆಕ್ಕದಲ್ಲಿ ಎರಡನ್ನೂ ಬೆರೆಸಬಾರದು. ಸರಾಸರಿ ಎಂ3ರಿಂದ V ತೆಗೆದವರು m ಅನ್ನೂ ಸರಾಸರಿಯಿಂದಲೇ ತೆಗೆಯಬೇಕು.

ನಾಲ್ಕನೆಯ ಹೆಜ್ಜೆ: ಸಮೀಕರಣವನ್ನು ಬಿಡಿಸುವುದು

ಮೊದಲು V ಬದಲಾಗಿಲ್ಲ ಎಂದುಕೊಂಡೇ 2020-21ರ ಲೆಕ್ಕ ಮಾಡೋಣ. 1.106 ÷ 0.942 ಎಂದರೆ 1.174, ಹಣದುಬ್ಬರ ಶೇ. 17.4. ಈಗ V 1.247ರಿಂದ 1.114ಕ್ಕೆ ಇಳಿದದ್ದನ್ನು ಸೇರಿಸೋಣ. 1.114 ÷ 1.247 ಎಂದರೆ 0.893, ಅಂದರೆ v ಎಂಬುದು ಶೇ. −10.7. ಆಗ 1.106 × 0.893 ÷ 0.942 ಮಾಡಿದರೆ 1.048 ಬರುತ್ತದೆ. ಹಣದುಬ್ಬರ ಶೇ. 4.8.

ಮುಂದಿನ ವರ್ಷ ಚಿತ್ರ ತಿರುಗುಮುರುಗಾಗುತ್ತದೆ. 2021-22ರಲ್ಲಿ ಸರಾಸರಿ ಎಂ3 ಶೇ. 10.4ರಷ್ಟು ಬೆಳೆಯಿತು, ನೈಜ ಜಿಡಿಪಿ ಶೇ. 9.7ರಷ್ಟು ಏರಿತು. V ಬದಲಾಗಿಲ್ಲ ಎಂದುಕೊಂಡರೆ 1.104 ÷ 1.097, ಅಂದರೆ ಹಣದುಬ್ಬರ ಶೇ. 0.6, ಬೆಲೆಗಳು ಹೆಚ್ಚುಕಡಿಮೆ ನಿಂತೇಬಿಟ್ಟವು ಎಂಬ ಉತ್ತರ. ಆದರೆ V ಶೇ. 7.7ರಷ್ಟು ಮೇಲೆದ್ದಿತ್ತು. ಅದನ್ನು ಸೇರಿಸಿದಾಗ 1.104 × 1.077 ÷ 1.097 ಎಂದರೆ 1.084, ಅಂದರೆ ಶೇ. 8ಕ್ಕೂ ಮೇಲೆ. ಎರಡೂ ವರ್ಷಗಳಲ್ಲಿ ಹಣ ಬೆಳೆದ ದರ ಹೆಚ್ಚುಕಡಿಮೆ ಒಂದೇ ಎಂಬುದನ್ನು ಗಮನಿಸಿ. ಉತ್ತರವನ್ನು ಅತ್ತಿತ್ತ ಎಳೆದಾಡಿದ್ದು ಉತ್ಪಾದನೆ ಮತ್ತು ವೇಗ.

ಏನಾಯಿತು ಎಂಬುದು ಆ ಎರಡು ವರ್ಷಗಳನ್ನು ಕಂಡವರಿಗೆ ಹೊಸದೇನಲ್ಲ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂದಾಗ ಸಂಬಳ ಬರುತ್ತಿದ್ದವರಿಗೆ ಖರ್ಚು ಮಾಡಲು ಜಾಗವಿರಲಿಲ್ಲ, ಸಂಬಳ ನಿಂತವರಿಗೆ ಕೈಯಲ್ಲಿದ್ದುದನ್ನು ಬಿಡಲು ಧೈರ್ಯವಿರಲಿಲ್ಲ. 2020-21ರಲ್ಲಿ ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯ ಶೇ. 16.8ರಷ್ಟು ಏರಿತು, ಅದೂ ಉತ್ಪಾದನೆ ಕುಸಿದ ವರ್ಷದಲ್ಲಿ. ಈ ನೋಟುಗಳ ಗಣನೀಯ ಭಾಗ ಚಲಾವಣೆಯಲ್ಲಿ ಇದ್ದದ್ದು ಹೆಸರಿಗೆ ಮಾತ್ರ. ಇದ್ದದ್ದು ಬೀರುವಿನಲ್ಲಿ, ಅಕ್ಕಿ ಡಬ್ಬಿಯಲ್ಲಿ. ಮುಂದಿನ ವರ್ಷ ಅಂಗಡಿಗಳು ತೆರೆದಾಗ ಆ ಹಣ ಓಡಾಡತೊಡಗಿತು.

ಇಲ್ಲಿ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕಾದ ಮಾತೊಂದಿದೆ. V ಅನ್ನು ನಾವು ಚಾಲ್ತಿ ಬೆಲೆಯ ಜಿಡಿಪಿಯಿಂದ ತೆಗೆದೆವು. ಆ ಜಿಡಿಪಿಯೊಳಗೆ ಬೆಲೆ ಏರಿಕೆ ಆಗಲೇ ಅಡಗಿದೆ. ಅದೇ V ಅನ್ನು ಮತ್ತೆ ಸಮೀಕರಣಕ್ಕೆ ಹಾಕಿ ಹಣದುಬ್ಬರ ಶೇ. 4.8 ಎಂದು "ಕಂಡುಹಿಡಿದರೆ", ಜೇಬಿನಲ್ಲಿ ನಾವೇ ಇಟ್ಟ ನಾಣ್ಯವನ್ನು ನಾವೇ ತೆಗೆದು ತೋರಿಸಿದಂತೆ. ಮುಗಿದ ವರ್ಷದ ಲೆಕ್ಕ ಎಂದಿಗೂ ತಪ್ಪುವುದಿಲ್ಲ, ಏಕೆಂದರೆ ತಪ್ಪಲು ಅದಕ್ಕೆ ಅವಕಾಶವೇ ಇಲ್ಲ. ಅದರ ಪ್ರಯೋಜನ ಬೆಲೆ ಏರಿಕೆಯನ್ನು ಬಿಡಿಬಿಡಿಯಾಗಿ ಹಂಚಿ ನೋಡುವುದು: ಇಷ್ಟು ಹಣದಿಂದ, ಇಷ್ಟು ಉತ್ಪಾದನೆಯಿಂದ, ಇಷ್ಟು ವೇಗದಿಂದ ಎಂದು. ಮುಂದಿನ ವರ್ಷದ ಹಣದುಬ್ಬರವನ್ನು ಹೇಳಬೇಕಾದಾಗ ಮಾತ್ರ ಸಮೀಕರಣ ಸಿದ್ಧಾಂತವಾಗುತ್ತದೆ, ಮತ್ತು ಆಗ v ಎಷ್ಟೆಂದು ಬೇರೆ ಕಡೆಯಿಂದ ತಿಳಿದು ತರಬೇಕಾಗುತ್ತದೆ.

ಐದನೆಯ ಹೆಜ್ಜೆ: v ಎಷ್ಟೆಂದು ಇಟ್ಟುಕೊಳ್ಳುವುದು?

ಇದಕ್ಕೆ ಉತ್ತರ ನೀವು ಎಷ್ಟು ಉದ್ದದ ಅವಧಿಯನ್ನು ನೋಡುತ್ತಿದ್ದೀರಿ ಎಂಬುದನ್ನು ಅವಲಂಬಿಸಿದೆ. ಮೇಲಿನ ಎರಡು ವರ್ಷಗಳನ್ನೇ ಒಟ್ಟುಗೂಡಿಸಿ ನೋಡಿ. V ಬದಲಾಗಿಲ್ಲ ಎಂಬ ಊಹೆಯಲ್ಲಿ ಬೆಲೆ ಮಟ್ಟ ಮೊದಲು 1.174 ಪಟ್ಟು, ಆಮೇಲೆ 1.006 ಪಟ್ಟು, ಒಟ್ಟಿಗೆ ಶೇ. 18ರಷ್ಟು ಏರಬೇಕಿತ್ತು. ನಿಜವಾಗಿ ಏರಿದ್ದು ಶೇ. 13.6ರಷ್ಟು. ತಪ್ಪು ಇದೆ, ಆದರೆ ಮೊದಲ ವರ್ಷವೊಂದರಲ್ಲೇ ಹನ್ನೆರಡೂವರೆ ಅಂಶದಷ್ಟಿದ್ದ ತಪ್ಪು ಎರಡು ವರ್ಷಕ್ಕೆ ನಾಲ್ಕೂವರೆಗೆ ಇಳಿದಿದೆ. ವೇಗ ಒಂದು ವರ್ಷ ಬಿದ್ದು ಮರುವರ್ಷ ಎದ್ದಿತು, ಹಾಗಾಗಿ ಒಂದರ ತಪ್ಪನ್ನು ಇನ್ನೊಂದು ಅಳಿಸಿತು.

ಅವಧಿಯನ್ನು ಹತ್ತು ವರ್ಷಕ್ಕೆ ಹಿಗ್ಗಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 2011-12ರಲ್ಲಿ ಸರಾಸರಿ ಎಂ3 ಸುಮಾರು 69.4 ಲಕ್ಷ ಕೋಟಿ, ಜಿಡಿಪಿ 87.4 ಲಕ್ಷ ಕೋಟಿ, V 1.26. ಹತ್ತು ವರ್ಷದ ನಂತರ, 2021-22ರಲ್ಲಿ, ಎಂ3 196.7 ಲಕ್ಷ ಕೋಟಿ, V 1.20. ಹಣ 2.83 ಪಟ್ಟಾಯಿತು, ಹತ್ತನೆಯ ಮೂಲ ತೆಗೆದರೆ ವರ್ಷಕ್ಕೆ ಶೇ. 11. ನೈಜ ಜಿಡಿಪಿ 1.72 ಪಟ್ಟಾಯಿತು, ವರ್ಷಕ್ಕೆ ಶೇ. 5.6. ವೇಗ ಇಳಿದದ್ದು ವರ್ಷಕ್ಕೆ ಶೇ. 0.5ರಷ್ಟು ಮಾತ್ರ. V ಸ್ಥಿರವೆಂದುಕೊಂಡರೆ 1.110 ÷ 1.056, ಅಂದರೆ ವರ್ಷಕ್ಕೆ ಶೇ. 5.1ರ ಹಣದುಬ್ಬರ, ಜಿಡಿಪಿಯಿಂದ ಕಾಣುವ ನಿಜವಾದ ದರ ವರ್ಷಕ್ಕೆ ಶೇ. 4.6. ಒಂದು ವರ್ಷಕ್ಕೆ ಅಷ್ಟು ಎಡವಿದ ಅದೇ ಊಹೆ ಹತ್ತು ವರ್ಷದ ಸರಾಸರಿಗೆ ಅರ್ಧ ಅಂಶದೊಳಗೆ ಬಂದು ನಿಂತಿದೆ, ಅದೂ ನಡುವೆ ನೋಟು ರದ್ದತಿ ಮತ್ತು ಕೋವಿಡ್ ಎರಡೂ ಬಂದುಹೋದ ದಶಕದಲ್ಲಿ.

ಹಾಗೆಂದು ದೀರ್ಘಾವಧಿಯಲ್ಲಿ V ಯಾವಾಗಲೂ ಕದಲುವುದಿಲ್ಲ ಎಂದು ತೀರ್ಮಾನಿಸಬೇಡಿ. 1970-71ರ ಸುಮಾರಿಗೆ ಭಾರತದಲ್ಲಿ ಎಂ3ರ ಚಲಾವಣಾ ವೇಗ ನಾಲ್ಕರ ಆಸುಪಾಸಿನಲ್ಲಿತ್ತು. ಅದು 1.26ಕ್ಕೆ ಇಳಿಯಲು ನಾಲ್ಕು ದಶಕ ಹಿಡಿದವು. ವರ್ಷಕ್ಕೆ ಸರಾಸರಿ ಶೇ. 3ರ ಇಳಿಕೆ. 1969ರ ರಾಷ್ಟ್ರೀಕರಣದ ನಂತರ ಬ್ಯಾಂಕಿನ ಶಾಖೆಗಳು ಹಳ್ಳಿಗಳವರೆಗೆ ಹೋದವು. ದವಸದ ರೂಪದಲ್ಲಿ ಕೂಲಿ ಕೊಡುತ್ತಿದ್ದ ಕಡೆ ನಗದು ಬಂತು, ಕಣಜದಲ್ಲಿಯೋ ಒಡವೆಯಲ್ಲಿಯೋ ಇರುತ್ತಿದ್ದ ಉಳಿತಾಯ ನಿಶ್ಚಿತ ಠೇವಣಿಯಾಗಿ ಎಂ3ರೊಳಗೆ ಸೇರಿತು. ಆದಾಯ ಹೆಚ್ಚಿದ್ದಕ್ಕಿಂತ ವೇಗವಾಗಿ ಜನರು ಬ್ಯಾಂಕಿನಲ್ಲಿ ಹಣ ಇಡತೊಡಗಿದರು. ಆ ಕಾಲಕ್ಕೆ v ಸೊನ್ನೆ ಎಂದುಕೊಂಡವನು ಪ್ರತಿ ವರ್ಷವೂ ಹಣದುಬ್ಬರವನ್ನು ಮೂರು ಅಂಶದಷ್ಟು ಹೆಚ್ಚಾಗಿ ಹೇಳುತ್ತಿದ್ದ.

ಆದ್ದರಿಂದ ನನ್ನ ಪದ್ಧತಿ ಹೀಗೆ. ಹಿಂದಿನ ಎಂಟು ಹತ್ತು ವರ್ಷಗಳ V ಅನ್ನು ಸಾಲಾಗಿ ಬರೆದು ಅದರ ಸರಾಸರಿ ವಾರ್ಷಿಕ ಬದಲಾವಣೆಯನ್ನು ತೆಗೆಯುತ್ತೇನೆ. ಅದು ನಡು ಊಹೆ. ಆಮೇಲೆ ಆ ಸಾಲಿನಲ್ಲಿ ಒಂದೇ ವರ್ಷದಲ್ಲಿ ಸಾಮಾನ್ಯವಾಗಿ ಎಷ್ಟು ಏರಿಳಿತ ಕಂಡಿದೆ ಎಂದು ನೋಡಿ, ಅಷ್ಟನ್ನು ಮೇಲಕ್ಕೂ ಕೆಳಕ್ಕೂ ಇಟ್ಟು ಮೂರು ಉತ್ತರ ಬರೆಯುತ್ತೇನೆ. ಬಡ್ಡಿ ದರ ಏರುತ್ತಿದ್ದರೆ ಮೇಲಿನ ಉತ್ತರದ ಕಡೆ ಒಂದಿಷ್ಟು ವಾಲುವುದು ವಾಡಿಕೆ: ಬಡ್ಡಿ ಹೆಚ್ಚಿದಾಗ ಹಣವನ್ನು ಸುಮ್ಮನೆ ಇಟ್ಟುಕೊಳ್ಳುವುದು ದುಬಾರಿ, ಹಾಗಾಗಿ ವೇಗ ಏರುತ್ತದೆ. ಆದರೆ ಎಂ3ರೊಳಗೆ ನಿಶ್ಚಿತ ಠೇವಣಿಯೂ ಸೇರಿರುವುದರಿಂದ ಈ ನಿಯಮ ಭಾರತದಲ್ಲಿ ಅಷ್ಟು ಗಟ್ಟಿಯಲ್ಲ. ಬಡ್ಡಿ ಏರಿದಾಗ ಜನ ಠೇವಣಿ ಇಟ್ಟರೆ ಹಣ ಎಂ3ರೊಳಗೇ ಉಳಿಯುತ್ತದೆ. ನಡು ಊಹೆಯ ಸುತ್ತ ಬರುವ ಅಂತರ ಹಣದುಬ್ಬರದ ದರಕ್ಕಿಂತಲೇ ಅಗಲವಾಗಿದ್ದರೆ, ಒಂದು ವರ್ಷದ ಮುನ್ಸೂಚನೆಗೆ ಈ ಸಮೀಕರಣವನ್ನು ಬಳಸದಿರುವುದೇ ಲೇಸು.

ಉತ್ತರ ಬಂದ ಮೇಲೆ: ಯಾವ ಬೆಲೆ, ಯಾವ ಹಣ?

ಲೆಕ್ಕ ಸರಿಯಾಗಿದ್ದೂ ಪತ್ರಿಕೆಯ ಹಣದುಬ್ಬರಕ್ಕೆ ತಾಳೆಯಾಗುತ್ತಿಲ್ಲ ಎಂಬ ದೂರು ಸಾಮಾನ್ಯ. ಸಮೀಕರಣದ P ಎಂಬುದು ಜಿಡಿಪಿ ಡಿಫ್ಲೇಟರ್. ಅಂದರೆ ಚಾಲ್ತಿ ಬೆಲೆಯ ಜಿಡಿಪಿಯನ್ನು ಸ್ಥಿರ ಬೆಲೆಯ ಜಿಡಿಪಿಯಿಂದ ಭಾಗಿಸಿದಾಗ ಬರುವ ಬೆಲೆ ಸೂಚ್ಯಂಕ. ಪತ್ರಿಕೆಯಲ್ಲಿ ಬರುವುದು ಸಾಮಾನ್ಯವಾಗಿ ಗ್ರಾಹಕ ಬೆಲೆ ಸೂಚ್ಯಂಕದ ಏರಿಕೆ. 2020-21ರಲ್ಲಿ ಗ್ರಾಹಕ ಬೆಲೆ ಹಣದುಬ್ಬರ ಶೇ. 6.2, ನಮ್ಮ ಲೆಕ್ಕ ಶೇ. 4.8. ಮರುವರ್ಷ ಗ್ರಾಹಕ ಬೆಲೆಯದು ಶೇ. 5.5ಕ್ಕೆ ಇಳಿದರೆ ನಮ್ಮದು ಶೇ. 8ರ ಮೇಲಕ್ಕೆ ಏರಿತು. ಎರಡೂ ವಿರುದ್ಧ ದಿಕ್ಕಿಗೆ ಹೋದವು. 2021-22ರಲ್ಲಿ ಸಗಟು ಬೆಲೆ ಸೂಚ್ಯಂಕ ಶೇ. 13ರಷ್ಟು ಏರಿತ್ತು, ಮತ್ತು ಆ ಸರಣಿಯ ಡಿಫ್ಲೇಟರ್ ಸಗಟು ಬೆಲೆಗಳ ಮೇಲೆ ಬಹಳವಾಗಿ ಒರಗಿಕೊಂಡಿತ್ತು. ಕಚ್ಚಾ ತೈಲ, ಉಕ್ಕು, ರಾಸಾಯನಿಕಗಳ ಬೆಲೆ ಏರಿದ್ದು ಡಿಫ್ಲೇಟರ್‌ನಲ್ಲಿ ತಕ್ಷಣ ಕಂಡಿತು, ಮನೆಯ ದಿನಸಿ ಚೀಟಿಯಲ್ಲಿ ಅಷ್ಟಾಗಿ ಕಾಣಲಿಲ್ಲ. ಪರಿಮಾಣ ಸಮೀಕರಣದಿಂದ ಬಂದ ಉತ್ತರವನ್ನು ಡಿಫ್ಲೇಟರ್ ಜೊತೆಯಲ್ಲೇ ಹೋಲಿಸಬೇಕು. ಗ್ರಾಹಕ ಬೆಲೆಗೆ ಹೋಲಿಸಿ ಸಮೀಕರಣ ಸುಳ್ಳೆಂದರೆ ಅದು ಸೇರಿನಿಂದ ಅಳೆದು ತಕ್ಕಡಿಯ ಮೇಲೆ ದೂರು ಹೇಳಿದಂತೆ.

ಹಣವೆಂದರೆ ಯಾವುದು ಎಂಬ ಪ್ರಶ್ನೆಗೂ ಒಂದು ಕಣ್ಣಾರೆ ಕಂಡ ಉತ್ತರವಿದೆ. 2016ರ ನವೆಂಬರ್ 8ರ ರಾತ್ರಿ ರದ್ದಾದ ಐನೂರು ಮತ್ತು ಸಾವಿರದ ನೋಟುಗಳು ಚಲಾವಣೆಯಲ್ಲಿದ್ದ ನಗದಿನ ಮೌಲ್ಯದಲ್ಲಿ ಶೇ. 86ರಷ್ಟಿದ್ದವು. 2017ರ ಜನವರಿ ಆರಂಭದ ಹೊತ್ತಿಗೆ ಚಲಾವಣೆಯ ನಗದು ಮೊದಲಿನ ಅರ್ಧದಷ್ಟಕ್ಕೆ ಇಳಿದಿತ್ತು. M ಎಂದರೆ ನಗದು ಮಾತ್ರ ಎಂದುಕೊಂಡು, V ಸ್ಥಿರವೆಂದು ಹಿಡಿದು ಲೆಕ್ಕ ಹಾಕಿದ್ದರೆ ಬೆಲೆಗಳೂ ಅರ್ಧಕ್ಕೆ ಇಳಿಯಬೇಕಿತ್ತು. ಹಾಗಾಗಲಿಲ್ಲ, ಏಕೆಂದರೆ ಸರತಿ ಸಾಲಿನಲ್ಲಿ ನಿಂತು ಜನ ಕಟ್ಟಿದ ನೋಟುಗಳು ಠೇವಣಿಯಾಗಿ ಬದಲಾದವು. ನಗದಿನ ಕಲಂನಿಂದ ಠೇವಣಿಯ ಕಲಂಗೆ ಹಣ ಸರಿಯಿತೇ ಹೊರತು ಎಂ3 ಅರ್ಧವಾಗಲಿಲ್ಲ. ವಿಶಾಲ ಹಣವನ್ನು ಬಳಸುವುದರ ಲಾಭ ಇದೇ: ಜನ ಹಣವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಾಗ V ಸುಮ್ಮನೆ ಜಿಗಿಯುವುದಿಲ್ಲ.

ಅದೇ ಸೂತ್ರ, ಹಿಂದುಮುಂದಾಗಿ

ಸಮೀಕರಣವನ್ನು ತಿರುಗಿಸಿದರೆ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗುತ್ತದೆ: ಇಂತಿಷ್ಟೇ ಹಣದುಬ್ಬರ ಇರಬೇಕಾದರೆ ಹಣ ಎಷ್ಟು ಬೆಳೆಯಬಹುದು?

1 + m = (1 + π) × (1 + y) ÷ (1 + v)

ರಿಸರ್ವ್ ಬ್ಯಾಂಕಿಗೆ ಕೊಟ್ಟಿರುವ ಶೇ. 4ರ ಗುರಿಯನ್ನೇ π ಎಂದಿಡಿ. ಆ ಗುರಿ ಗ್ರಾಹಕ ಬೆಲೆಗೆ ಸಂಬಂಧಿಸಿದ್ದು, ನಮ್ಮದು ಡಿಫ್ಲೇಟರ್ ಎಂಬ ಅಂತರವನ್ನು ಸದ್ಯಕ್ಕೆ ಬದಿಗಿಡಿ. ನೈಜ ಬೆಳವಣಿಗೆ ಶೇ. 6.5, ವೇಗದ ಇಳಿಕೆ ಹತ್ತು ವರ್ಷದ ಸರಾಸರಿಯಂತೆ ಶೇ. 0.5 ಎಂದಿಟ್ಟರೆ 1.04 × 1.065 ÷ 0.995 ಎಂದರೆ 1.113, ಹಣ ಶೇ. 11.3ರಷ್ಟು ಬೆಳೆಯಬಹುದು.

ಇಂಥ ಲೆಕ್ಕ ತರಗತಿಯ ಕಸರತ್ತು ಮಾತ್ರವಲ್ಲ. ಸುಖಮಯ್ ಚಕ್ರವರ್ತಿಯವರ ಅಧ್ಯಕ್ಷತೆಯ ಸಮಿತಿ 1985ರಲ್ಲಿ ವರದಿ ಕೊಟ್ಟ ನಂತರ ರಿಸರ್ವ್ ಬ್ಯಾಂಕು ಒಂದು ದಶಕಕ್ಕೂ ಹೆಚ್ಚು ಕಾಲ ಎಂ3ರ ಬೆಳವಣಿಗೆಗೆ ಗುರಿ ಇಟ್ಟುಕೊಳ್ಳುತ್ತಿತ್ತು. ಅಲ್ಲಿ v ಎಂಬ ಹೆಸರು ಇರಲಿಲ್ಲ. ಅದರ ಬದಲಿಗೆ ಆದಾಯ ಶೇ. 1 ಏರಿದರೆ ಜನ ಇಟ್ಟುಕೊಳ್ಳಬಯಸುವ ಹಣ ಶೇ. ಎಷ್ಟು ಏರುತ್ತದೆ ಎಂಬ ಸಂಖ್ಯೆಯನ್ನು ಬಳಸುತ್ತಿದ್ದರು. ಉದಾಹರಣೆಗೆ ಆ ಸಂಖ್ಯೆ 1.5, ಬೆಳವಣಿಗೆ ಶೇ. 6, ಸಹಿಸಬಹುದಾದ ಹಣದುಬ್ಬರ ಶೇ. 5 ಎಂದಿದ್ದರೆ ಹಣದ ಗುರಿ 1.5 × 6 + 5, ಅಂದರೆ ಶೇ. 14. ನಮ್ಮ ಅಂದಾಜಿನ ಸೂತ್ರಕ್ಕೆ ಹಾಕಿ ನೋಡಿದರೆ 14 + v − 6 = 5 ಎಂದಾಗಿ v ಎಂಬುದು −3 ಎಂದು ಬರುತ್ತದೆ. ಮೇಲೆ ನಾಲ್ಕು ದಶಕಗಳ ಅಂಕಿಯಿಂದ ನಾವು ತೆಗೆದ ವಾರ್ಷಿಕ ಇಳಿಕೆಯೂ ಅಷ್ಟೇ. ತೊಂಬತ್ತರ ದಶಕದಲ್ಲಿ ಹಣಕಾಸು ಮಾರುಕಟ್ಟೆ ತೆರೆದುಕೊಂಡು, ಹೊರದೇಶದ ಬಂಡವಾಳ ಬರತೊಡಗಿ, ಆ ಸಂಖ್ಯೆಯನ್ನು ಮೊದಲೇ ಹೇಳುವುದು ಕಷ್ಟವಾದಾಗ, 1998ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಎಂ3 ಒಂದನ್ನೇ ನೆಚ್ಚಿಕೊಳ್ಳುವುದನ್ನು ಬಿಟ್ಟು, ಬಡ್ಡಿ ದರ, ಸಾಲ, ವಿನಿಮಯ ದರ ಮುಂತಾದ ಹಲವು ಸೂಚಕಗಳನ್ನು ಒಟ್ಟಿಗೆ ನೋಡತೊಡಗಿತು.